ಮಹಾಪ್ರಬಂಧದ ಒಡಲು ಮತ್ತು ಅನುಬಂಧ: ಶಾಸನಭಾಷೆಯ ಅಧ್ಯಯನವೊಂದರ ನಿದರ್ಶನ

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿರುವ ಮಹಾಪ್ರಬಂಧಗಳನ್ನು ತೆರೆದು ನೋಡಿದವರಿಗೆ ಎರಡು ಬಗೆಯ ಅತಿರೇಕಗಳು ಪರಿಚಿತವೇ ಆಗಿವೆ. ಕೆಲವು ಪ್ರಬಂಧಗಳಲ್ಲಿ ಮೂರನೆಯ ಅಧ್ಯಾಯದ ನಡುವೆ ಮೂವತ್ತು ನಲವತ್ತು ಪುಟಗಳ ಕೋಷ್ಟಕವೊಂದು ಅಡ್ಡಲಾಗಿ ನಿಂತಿರುತ್ತದೆ. ಅದನ್ನು ದಾಟಿ ಆಚೆಗೆ ಬರುವಷ್ಟರಲ್ಲಿ ಓದುಗನಿಗೆ ಚರ್ಚೆಯ ಎಳೆಯೇ ಮರೆತುಹೋಗಿರುತ್ತದೆ. ಇನ್ನು ಕೆಲವು ಪ್ರಬಂಧಗಳಲ್ಲಿ ಒಡಲಿನ ಭಾಗ ಸರಾಗವಾಗಿ ಸಾಗುತ್ತದೆ, ಆದರೆ ಪ್ರತಿಯೊಂದು ಮುಖ್ಯ ಹೇಳಿಕೆಯ ಬಳಿಯೂ 'ವಿವರಗಳಿಗೆ ಅನುಬಂಧ ನೋಡಿ' ಎಂಬ ಸೂಚನೆಯೊಂದೇ ಇರುತ್ತದೆ. ಮೊದಲನೆಯದರಲ್ಲಿ ಆಧಾರಗಳು ವಾದವನ್ನು ಮುಚ್ಚಿದರೆ, ಎರಡನೆಯದರಲ್ಲಿ ವಾದಕ್ಕೆ ಆಧಾರವೇ ಕಾಣುವುದಿಲ್ಲ.

ಈ ಎರಡೂ ದೋಷಗಳು ಸಾಮಾನ್ಯವಾಗಿ ಒಂದೇ ಕಾರಣದಿಂದ ಹುಟ್ಟುತ್ತವೆ. ಯಾವುದು ಒಡಲಿನಲ್ಲಿರಬೇಕು, ಯಾವುದು ಅನುಬಂಧಕ್ಕೆ ಹೋಗಬೇಕು ಎಂಬುದನ್ನು ಪುಟಗಳ ಲೆಕ್ಕದಿಂದ ತೀರ್ಮಾನಿಸಲಾಗುತ್ತದೆ. ಒಂದು ಪುಟವನ್ನು ಮೀರಿದ ಕೋಷ್ಟಕ ಅನುಬಂಧಕ್ಕೆ, ಅದಕ್ಕಿಂತ ಚಿಕ್ಕದು ಒಡಲಿಗೆ ಎಂಬ ರೂಢಿ ಬಳಕೆಯಲ್ಲಿದೆ. ಮುದ್ರಣದ ಅನುಕೂಲಕ್ಕೆ ಈ ರೂಢಿ ಸಾಲುತ್ತದೆ. ಆದರೆ ಸಂಶೋಧನೆಯ ದೃಷ್ಟಿಯಿಂದ ಕೇಳಬೇಕಾದುದು ಬೇರೆಯದೇ ಪ್ರಶ್ನೆ. ಈ ಕೋಷ್ಟಕ ಕಣ್ಣ ಮುಂದೆ ಇಲ್ಲದಿದ್ದರೆ ಓದುಗನು ಪ್ರಬಂಧದ ಹೇಳಿಕೆಯನ್ನು ಒಪ್ಪುವುದಕ್ಕಾಗಲಿ ಅಲ್ಲಗಳೆಯುವುದಕ್ಕಾಗಲಿ ಸಾಧ್ಯವೇ? ಸಾಧ್ಯವಿಲ್ಲ ಎಂದಾದರೆ ಅದರ ಸ್ಥಾನ ಒಡಲು. ಸಾಧ್ಯ, ಆದರೆ ಹೇಳಿಕೆಯನ್ನು ಮರುಪರಿಶೀಲಿಸುವವನಿಗೆ ಅದು ಬೇಕು ಎಂದಾದರೆ ಅದರ ಸ್ಥಾನ ಅನುಬಂಧ. ಇವೆರಡೂ ಅಲ್ಲದೆ, ಮುಂದೆ ಅದೇ ಸಾಮಗ್ರಿಯ ಮೇಲೆ ಬೇರೊಂದು ಕೆಲಸ ಮಾಡುವವನಿಗೆ ಮಾತ್ರ ಬೇಕಾದುದಾದರೆ ಅದನ್ನು ಪ್ರಬಂಧದ ಹೊರಗೆ, ಪ್ರತ್ಯೇಕ ದತ್ತಾಂಶ ಕಡತವಾಗಿ ಸಂರಕ್ಷಿಸುವುದು ಯುಕ್ತ. ಓದುವವನು, ಪರಿಶೀಲಿಸುವವನು, ಮುಂದುವರಿಸುವವನು ಎಂಬ ಈ ಮೂವರ ಅಗತ್ಯಗಳು ಬೇರೆ ಬೇರೆ. ಸಾಮಗ್ರಿಯ ವಿಂಗಡಣೆ ಆ ಅಗತ್ಯಗಳನ್ನು ಅನುಸರಿಸಬೇಕೇ ಹೊರತು ಗಾತ್ರವನ್ನಲ್ಲ.

ಈ ತತ್ತ್ವ ಹೇಳುವಾಗ ಸುಲಭವೆನಿಸಿದರೂ ಅನ್ವಯಿಸುವಾಗ ತೊಡಕಾಗುತ್ತದೆ. ಆದುದರಿಂದ ಒಂದು ನಿದರ್ಶನವನ್ನು ಕೊನೆಯವರೆಗೆ ಹಿಂಬಾಲಿಸುವುದು ಉಚಿತ.

ನಿದರ್ಶನದ ಸ್ವರೂಪ

ಕನ್ನಡದ ಪದಾದಿಯ ಪಕಾರವು ಹಕಾರವಾಗಿ ಮಾರ್ಪಟ್ಟುದು ಭಾಷಾಚರಿತ್ರೆಯ ಸುಪರಿಚಿತ ಸಂಗತಿ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ಶಾಸನಗಳಲ್ಲಿ ಈ ಪರಿವರ್ತನೆ ಸುಮಾರು ಹತ್ತನೆಯ ಶತಮಾನದಿಂದ ಕಾಣತೊಡಗಿ ಕ್ರಮೇಣ ವ್ಯಾಪಿಸುತ್ತದೆ. ಜಿ. ಎಸ್. ಗಾಯಿ ಅವರು 1946ರಲ್ಲಿ ಪ್ರಕಟಿಸಿದ ಹಳಗನ್ನಡದ ಚಾರಿತ್ರಿಕ ವ್ಯಾಕರಣವು ಎಂಟು, ಒಂಬತ್ತು ಮತ್ತು ಹತ್ತನೆಯ ಶತಮಾನಗಳ ಶಾಸನಗಳನ್ನೇ ಆಧರಿಸಿದುದು. ಆ ಬಳಿಕದ ಶತಮಾನಗಳನ್ನು ಒಳಗೊಂಡು, ಒಂದು ಪ್ರದೇಶಕ್ಕೆ ಸೀಮಿತವಾಗಿ ಈ ಪರಿವರ್ತನೆಯ ವೇಗವನ್ನು ಅಳೆಯುವ ಮಹಾಪ್ರಬಂಧವೊಂದನ್ನು ಕಲ್ಪಿಸಿಕೊಳ್ಳಬಹುದು. ಮುಂದೆ ಬರುವ ಸಂಖ್ಯೆಗಳೆಲ್ಲ ವಿವರಣೆಗಾಗಿ ಕಲ್ಪಿಸಿಕೊಂಡವೇ ಹೊರತು ಯಾವ ಅಧ್ಯಯನದ ಫಲಿತಗಳೂ ಅಲ್ಲ.

ಸಂಶೋಧಕನು ಕ್ರಿ.ಶ. 850ರಿಂದ 1250ರವರೆಗಿನ 240 ಶಾಸನಗಳನ್ನು ಆರಿಸಿಕೊಂಡಿದ್ದಾನೆ. ಪದಾದಿಯಲ್ಲಿ ಪಕಾರವುಳ್ಳ ಪದಗಳನ್ನೂ ಮೂಲದಲ್ಲಿ ಪಕಾರವಿದ್ದು ಹಕಾರವಾದ ಪದಗಳನ್ನೂ ಒಂದೊಂದು ಸಾಲಿನಂತೆ ಗಣಕಯಂತ್ರದಲ್ಲಿ ದಾಖಲಿಸಿದ್ದಾನೆ. ಒಟ್ಟು 2,930 ಸಾಲುಗಳಾಗಿವೆ. ಅವುಗಳಲ್ಲಿ ಸಂಸ್ಕೃತ ಮತ್ತು ಪ್ರಾಕೃತ ಮೂಲದ 1,234 ಪದಗಳನ್ನು ಕೈಬಿಟ್ಟು ಉಳಿದ 1,696ನ್ನು ಎಣಿಸಿದ್ದಾನೆ. ಎಣಿಕೆಗೆ ಒಂದು ಚಿಕ್ಕ ಕ್ರಮವಿಧಿಯನ್ನು ಬರೆದಿದ್ದಾನೆ. ಹೀಗೆ ಅವನ ಕೈಯಲ್ಲಿ ಮೂರು ಬಗೆಯ ಸಾಮಗ್ರಿ ಸೇರಿದೆ: ಕೋಷ್ಟಕಗಳು, ಕ್ರಮವಿಧಿಯ ಪಠ್ಯ ಮತ್ತು ಮೂಲ ದತ್ತಾಂಶ.

ಕೋಷ್ಟಕಗಳು

ಮೊದಲು ಸಿದ್ಧವಾಗುವುದು ಶಾಸನವೊಂದಕ್ಕೆ ಒಂದು ಸಾಲಿನಂತೆ 240 ಸಾಲುಗಳ ದೊಡ್ಡ ಕೋಷ್ಟಕ. ಶಾಸನದ ಸಂಖ್ಯೆ, ಊರು, ಕಾಲ, ಕಾಲನಿರ್ಣಯದ ಆಧಾರ, ಪಕಾರರೂಪಗಳ ಸಂಖ್ಯೆ, ಹಕಾರರೂಪಗಳ ಸಂಖ್ಯೆ ಇವು ಅದರ ಕಲಮುಗಳು. ಪುಟಕ್ಕೆ ಮೂವತ್ತು ಸಾಲು ಹಿಡಿದರೂ ಎಂಟು ಪುಟಗಳಾಗುತ್ತವೆ. ಪ್ರಬಂಧದ ವಾದ ಶಾಸನವೊಂದೊಂದರ ಬಗೆಗಲ್ಲ, ಕಾಲಾವಧಿಗಳ ಬಗೆಗೆ. ಆದುದರಿಂದ ಇದು ಪರಿಶೀಲಿಸುವವನಿಗೆ ಬೇಕಾದ ಕೋಷ್ಟಕ, ಅನುಬಂಧಕ್ಕೆ ಸಲ್ಲತಕ್ಕದ್ದು. ಒಡಲಿನಲ್ಲಿ ಉಳಿಯುವುದು ಅದರ ಸಾರಾಂಶ:

| ಅವಧಿ (ಕ್ರಿ.ಶ.) | ಶಾಸನಗಳು | ತೇದಿಯುಳ್ಳವು | ಪಕಾರ | ಹಕಾರ |
|---|---|---|---|---|
| 850–950 | 48 | 21 | 310 | 6 |
| 950–1050 | 62 | 37 | 372 | 58 |
| 1050–1150 | 74 | 53 | 301 | 219 |
| 1150–1250 | 56 | 41 | 96 | 334 |
| ಒಟ್ಟು | 240 | 152 | 1,079 | 617 |

ಹಕಾರದ ಪ್ರಮಾಣ ಶೇಕಡಾ 2ರಿಂದ ಸುಮಾರು 13ಕ್ಕೆ, ಅಲ್ಲಿಂದ 42ಕ್ಕೆ, ಕೊನೆಗೆ 78ಕ್ಕೆ ಏರುತ್ತದೆ ಎಂಬ ಮುಖ್ಯ ಫಲಿತ ಈ ಐದು ಸಾಲುಗಳಲ್ಲಿ ಕಾಣುತ್ತದೆ. ಇಲ್ಲಿ ಗಮನಿಸಬೇಕಾದುದು ಮೂರನೆಯ ಕಲಮು. ಕೋಷ್ಟಕವನ್ನು ಕಿರಿದುಮಾಡಲು ಹೊರಟ ಸಂಶೋಧಕ ಮೊದಲು ಕಿತ್ತುಹಾಕುವುದು ಸಾಮಾನ್ಯವಾಗಿ ಇಂಥ ಕಲಮನ್ನೇ. 'ತೇದಿಯ ವಿವರ ಅನುಬಂಧದಲ್ಲಿ ಹೇಗೂ ಇದೆಯಲ್ಲ' ಎಂಬುದು ಅದಕ್ಕೆ ಕೊಡುವ ಸಮಾಧಾನ. ಆದರೆ ಈ ಪ್ರಬಂಧದ ಅತ್ಯಂತ ದುರ್ಬಲವಾದ ಸ್ಥಳ ಅಡಗಿರುವುದು ಅಲ್ಲಿಯೇ. 240 ಶಾಸನಗಳಲ್ಲಿ 88ಕ್ಕೆ ತೇದಿಯಿಲ್ಲ. ಅವುಗಳ ಕಾಲವನ್ನು ಲಿಪಿಯಿಂದಲೂ ಭಾಷೆಯಿಂದಲೂ ಊಹಿಸಲಾಗಿದೆ. ಭಾಷೆಯಿಂದ ಕಾಲವನ್ನು ನಿರ್ಣಯಿಸುವಾಗ ಹಕಾರವಿರುವ ಶಾಸನವನ್ನು ಈಚಿನದೆಂದೂ ಪಕಾರವಿರುವುದನ್ನು ಹಿಂದಿನದೆಂದೂ ಸಂಪಾದಕರು ಎಣಿಸಿರುವ ಸಾಧ್ಯತೆಯುಂಟು. ಹಾಗಿದ್ದಲ್ಲಿ ಹಕಾರದಿಂದ ಕಾಲವನ್ನು ಕಂಡುಹಿಡಿದು, ಆ ಕಾಲದಿಂದ ಮತ್ತೆ ಹಕಾರದ ಏರಿಕೆಯನ್ನು ಸಾಧಿಸಿದಂತಾಗುತ್ತದೆ. ಇದು ಚಕ್ರಕದೋಷ. ಈ ಸಂದೇಹಕ್ಕೆ ಆಸ್ಪದವಿದೆಯೇ ಎಂಬುದನ್ನು ತೂಗಿ ನೋಡಲು ಬೇಕಾದ ಸಂಖ್ಯೆಯನ್ನು ಅನುಬಂಧಕ್ಕೆ ಕಳುಹಿಸಿದರೆ ಓದುಗನಿಗೆ ಸಂದೇಹವೇ ಹುಟ್ಟುವುದಿಲ್ಲ. ಹಾಗೆ ಹುಟ್ಟದಿರುವುದು ಪ್ರಬಂಧದ ಗುಣವಲ್ಲ.

ಆದುದರಿಂದ ಆ ಕಲಮು ಒಡಲಿನಲ್ಲೇ ಉಳಿಯಬೇಕು. ಜೊತೆಗೆ, ತೇದಿಯುಳ್ಳ 152 ಶಾಸನಗಳನ್ನಷ್ಟೇ ತೆಗೆದುಕೊಂಡು ಮಾಡಿದ ಮರುಎಣಿಕೆಯಲ್ಲಿ ಏರಿಕೆಯ ಕ್ರಮ ಹಾಗೆಯೇ ಉಳಿಯಿತೇ ಇಲ್ಲವೇ ಎಂಬುದನ್ನು ಒಂದು ವಾಕ್ಯದಲ್ಲಿ ಅಲ್ಲೇ ತಿಳಿಸಬೇಕು. ಆ ಮರುಎಣಿಕೆಯ ಪೂರ್ಣ ಕೋಷ್ಟಕ ಅನುಬಂಧದಲ್ಲಿದ್ದರೆ ಸಾಕು. ಹೀಗೆ ಒಂದೇ ಪರೀಕ್ಷೆಯ ಫಲಿತ ಒಡಲಿನಲ್ಲಿಯೂ ವಿವರ ಅನುಬಂಧದಲ್ಲಿಯೂ ಹಂಚಿಹೋಗುವುದು ಸಹಜವಾದ ಏರ್ಪಾಡು.

ಇದಕ್ಕೆ ವಿರುದ್ಧ ದಿಕ್ಕಿನ ಚಲನೆಯೂ ಉಂಟು. ಮೊದಲ ಅವಧಿಯ ಆರು ಹಕಾರರೂಪಗಳಲ್ಲಿ ಐದು ಒಂದೇ ಶಾಸನದಲ್ಲಿ ದೊರೆತಿವೆ ಎಂದಿಟ್ಟುಕೊಳ್ಳೋಣ. ಆ ಶಾಸನದಲ್ಲಿ ಹೇಳಿರುವ ತೇದಿ ಹತ್ತನೆಯ ಶತಮಾನದ ಆರಂಭದ್ದು, ಲಿಪಿಯ ಲಕ್ಷಣಗಳು ಮಾತ್ರ ಹನ್ನೆರಡನೆಯ ಶತಮಾನದವು. ಅಂದರೆ ಅದು ಹಳೆಯ ದಾನಪತ್ರವೊಂದರ ಈಚಿನ ಪ್ರತಿಯಾಗಿರಬಹುದು. ಅದನ್ನು ಬಿಟ್ಟರೆ ಮೊದಲ ಅವಧಿಯಲ್ಲಿ ಉಳಿಯುವುದು ಒಂದೇ ಒಂದು ಹಕಾರ. ಪರಿವರ್ತನೆ 950ಕ್ಕೆ ಮೊದಲೇ ಆರಂಭವಾಯಿತೆಂಬ ಹೇಳಿಕೆ ಪ್ರಬಂಧದಲ್ಲಿದ್ದರೆ, ಆ ಹೇಳಿಕೆ ನಿಂತಿರುವುದು ಈ ಶಾಸನದ ಮೇಲೆ. ಎಂಟು ಪುಟಗಳ ಕೋಷ್ಟಕದಲ್ಲಿ ಹುದುಗಿರುವ ಈ ಒಂದು ಸಾಲನ್ನು ಎತ್ತಿ ತಂದು, ಅದರ ಪಾಠ, ತೇದಿ ಹಾಗೂ ಲಿಪಿಯ ಸಮೇತ ಅಧ್ಯಾಯದಲ್ಲಿ ಚರ್ಚಿಸಲೇಬೇಕು. ಮೂಲ ದತ್ತಾಂಶವೆಲ್ಲ ಅನುಬಂಧದ ವಸ್ತುವೆಂಬ ಭಾವನೆ ಇಂಥಲ್ಲಿ ತಪ್ಪು ದಾರಿಗೆ ಎಳೆಯುತ್ತದೆ.

ಕ್ರಮವಿಧಿಯ ಪಠ್ಯ

ಎಣಿಕೆಗೆ ಬಳಸಿದ ಕ್ರಮವಿಧಿ ಪೂರ್ಣರೂಪದಲ್ಲಿ ನೂರಾರು ಸಾಲುಗಳಿರಬಹುದು. ಕಡತವನ್ನು ತೆರೆಯುವುದು, ಕಾಲಾವಧಿಗಳನ್ನು ಬೇರ್ಪಡಿಸುವುದು, ಫಲಿತವನ್ನು ಬರೆದಿಡುವುದು ಇವೇ ಅದರ ಬಹುಭಾಗ. ಇವು ಯಾರು ಬರೆದರೂ ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತವೆ, ವಾದಕ್ಕೆ ಇವುಗಳಿಂದ ಏನೂ ಆಗಬೇಕಾದುದಿಲ್ಲ. ಆದರೆ ಅದರ ನಡುವೆ ಈ ಕೆಲವು ಸಾಲುಗಳಿವೆ:

```python
for pada, mula in saalugalu:
    if mula not in pa_moola:
        continue
    if pada.startswith("ಪ"):
        pa += 1
    elif pada.startswith("ಹ"):
        ha += 1
```

ಎರಡನೆಯ ಮತ್ತು ಮೂರನೆಯ ಸಾಲುಗಳು ಹೇಳುವುದಿಷ್ಟು: ಪದದ ಮೂಲರೂಪವು `pa_moola` ಎಂಬ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಪದವನ್ನು ಎಣಿಸದೆ ಮುಂದಕ್ಕೆ ಹೋಗು. ಆ ಪಟ್ಟಿಯಲ್ಲಿರುವುವು ಮೂಲತಃ ಪಕಾರಾದಿಯಾದ ದೇಶ್ಯಪದಗಳು ಮಾತ್ರ. ಪುತ್ರ, ಪುಣ್ಯ ಮೊದಲಾದ ಸಂಸ್ಕೃತಪದಗಳು ಹಕಾರಕ್ಕೆ ತಿರುಗಲಿಲ್ಲ, ಆದುದರಿಂದ ಅವನ್ನು ಎಣಿಕೆಗೆ ಸೇರಿಸಿದರೆ ಪರಿವರ್ತನೆ ನಿಜಕ್ಕಿಂತ ನಿಧಾನವಾಗಿ ಕಾಣುತ್ತದೆ. ಈ ವ್ಯತ್ಯಾಸ ಅಲ್ಪವೂ ಅಲ್ಲ. ಕೊನೆಯ ಅವಧಿಯಲ್ಲಿ ಇಂಥ ಪಕಾರಾದಿ ಪದಗಳು 290 ಇವೆಯೆಂದು ಭಾವಿಸಿದರೆ, ಅವನ್ನು ಸೇರಿಸಿದಾಗ ಪಕಾರದ ಸಂಖ್ಯೆ 96ರಿಂದ 386ಕ್ಕೆ ಏರುತ್ತದೆ; ಹಕಾರದ ಪ್ರಮಾಣ ಶೇಕಡಾ 78ರಿಂದ 46ಕ್ಕೆ ಇಳಿಯುತ್ತದೆ. ಪ್ರಬಂಧದ ಮುಖ್ಯ ಫಲಿತವು ಕ್ರಮವಿಧಿಯ ಎರಡು ಸಾಲುಗಳಿಂದ ಇಷ್ಟರಮಟ್ಟಿಗೆ ಬದಲಾಗುತ್ತದೆ.

ಇಂಥ ಸಾಲುಗಳು ತಾಂತ್ರಿಕ ವಿವರಗಳಂತೆ ಕಂಡರೂ ವಸ್ತುತಃ ಭಾಷಾವೈಜ್ಞಾನಿಕ ನಿರ್ಣಯಗಳು. ಅವು ಒಡಲಿನಲ್ಲಿ ಇರಬೇಕು, ಆದರೆ ಕ್ರಮವಿಧಿಯ ರೂಪದಲ್ಲಲ್ಲ, ಕನ್ನಡ ವಾಕ್ಯಗಳ ರೂಪದಲ್ಲಿ. ಯಾವ ಪದಗಳನ್ನು ಎಣಿಸಲಾಯಿತು, ಯಾವುವನ್ನು ಬಿಡಲಾಯಿತು, ಏಕೆ ಬಿಡಲಾಯಿತು, ಬಿಡದಿದ್ದರೆ ಫಲಿತ ಏನಾಗುತ್ತಿತ್ತು ಎಂಬಿಷ್ಟನ್ನು ವಿಧಾನದ ಅಧ್ಯಾಯ ಹೇಳಿದರೆ, ಕ್ರಮವಿಧಿಯನ್ನು ಓದಲಾರದ ವಿದ್ವಾಂಸನೂ ಆ ನಿರ್ಣಯವನ್ನು ವಿಮರ್ಶಿಸಬಲ್ಲನು. ಕ್ರಮವಿಧಿಯ ಸಂಬಂಧಪಟ್ಟ ಭಾಗವನ್ನು ಅನುಬಂಧದಲ್ಲಿ ಕೊಟ್ಟು, ಪೂರ್ಣಪಾಠವನ್ನು ದತ್ತಾಂಶದ ಜೊತೆಯಲ್ಲಿ ಕಡತವಾಗಿ ಇಡಬಹುದು. ಪುಟಗಟ್ಟಲೆ ಅಚ್ಚಾದ ಕ್ರಮವಿಧಿಯಿಂದ ಯಾರಿಗೂ ಹೆಚ್ಚಿನ ಪ್ರಯೋಜನವಿಲ್ಲ. ಅದನ್ನು ನಡೆಸಿ ನೋಡಬೇಕಾದವನು ಕೈಯಿಂದ ಮತ್ತೆ ಟೈಪು ಮಾಡಬೇಕಾಗುತ್ತದೆ, ಅಲ್ಲಿ ಹೊಸ ತಪ್ಪುಗಳು ನುಸುಳುತ್ತವೆ.

ಆದರೆ `pa_moola` ಪಟ್ಟಿಯ ವಿಷಯ ಬೇರೆ. ಅದು ಇನ್ನೂರು ಮುನ್ನೂರು ಪದಗಳ ಪಟ್ಟಿಯಾಗಿದ್ದರೂ ಅನುಬಂಧದಲ್ಲಿ ಪೂರ್ತಿಯಾಗಿ ಅಚ್ಚಾಗಬೇಕು. ಯಾವ ಪದ ದೇಶ್ಯ, ಯಾವುದು ಅನ್ಯದೇಶ್ಯ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯ ಇದ್ದೇ ಇರುತ್ತದೆ. ಪರೀಕ್ಷಕನು ಬೆರಳಿಟ್ಟು ತೋರಿಸಲು ಬಯಸುವುದು ಇಂಥ ಪಟ್ಟಿಯ ಒಂದೊಂದು ಪದವನ್ನು. ಹೀಗಾಗಿ ಚಿಕ್ಕ ಕ್ರಮವಿಧಿ ಕಡತಕ್ಕೆ ಹೋಗಿ, ಅದಕ್ಕಿಂತ ಉದ್ದನೆಯ ಪದಪಟ್ಟಿ ಅನುಬಂಧದಲ್ಲಿ ಉಳಿಯುವುದು ಅಸಂಗತವೇನೂ ಅಲ್ಲ.

ಮೂಲ ದತ್ತಾಂಶ

ಉಳಿದುದು 2,930 ಸಾಲುಗಳ ಪದದಾಖಲೆ. ಪುಟಕ್ಕೆ ನಲವತ್ತು ಸಾಲಿನಂತೆ ಅಚ್ಚುಹಾಕಿದರೆ ಎಪ್ಪತ್ತನಾಲ್ಕು ಪುಟಗಳಾಗುತ್ತವೆ. ಇದನ್ನು ಅನುಬಂಧವಾಗಿ ಕೊಟ್ಟರೆ ಪ್ರಬಂಧ ದಪ್ಪವಾಗುತ್ತದೆ, ಅಷ್ಟೆ. ಮುದ್ರಿತ ಸಾಲುಗಳನ್ನು ಯಾರೂ ಮರಳಿ ಎಣಿಸಲಾರರು. ಪದದಾಖಲೆಯ ಯೋಗ್ಯಸ್ಥಾನ ಯೂನಿಕೋಡ್‌ನಲ್ಲಿರುವ ಸರಳವಾದ ಪಠ್ಯಕಡತ. ಕನ್ನಡದ ಮಟ್ಟಿಗೆ ಇದು ಮುಖ್ಯವಾದ ಮಾತು. ಯೂನಿಕೋಡ್‌ಗೆ ಹೊಂದದ ಹಳೆಯ ಅಕ್ಷರವಿನ್ಯಾಸಗಳಲ್ಲಿ ದಾಖಲಿಸಿದ ಪದಗಳು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಕಡತದೊಳಗೆ ರೋಮನ್ ಅಕ್ಷರಗಳಾಗಿರುತ್ತವೆ. ಅಂಥ ಕಡತದ ಮೇಲೆ ಮೇಲಿನ ಕ್ರಮವಿಧಿಯನ್ನು ನಡೆಸಿದರೆ ಅದಕ್ಕೆ ಒಂದು ಪಕಾರವೂ ಸಿಗುವುದಿಲ್ಲ, ಫಲಿತ ಸೊನ್ನೆ. ಹಳೆಯ ಅಕ್ಷರವಿನ್ಯಾಸದಿಂದ ಪರಿವರ್ತಿಸುವಾಗ ಱ, ೞ ಅಕ್ಷರಗಳು ಕೆಟ್ಟಿಲ್ಲವೇ ಎಂಬುದನ್ನೂ ನೋಡಿಕೊಳ್ಳಬೇಕಾಗುತ್ತದೆ.

ಹಾಗೆಂದು ಅನುಬಂಧದಲ್ಲಿ ದತ್ತಾಂಶದ ಸುಳಿವೇ ಇರಬಾರದೆಂದಲ್ಲ. ಕಡತದ ಪ್ರತಿಯೊಂದು ಕಲಮಿನ ಅರ್ಥ, ಅನುಮಾನಾಸ್ಪದ ಅಕ್ಷರಗಳನ್ನು ಗುರುತಿಸಿದ ಬಗೆ, ಸಾಲುಗಳ ಒಟ್ಟು ಸಂಖ್ಯೆ, ಮಾದರಿಗಾಗಿ ಒಂದು ಶಾಸನದ ಎಲ್ಲ ಸಾಲುಗಳು ಇವಿಷ್ಟು ಎರಡು ಪುಟಗಳಲ್ಲಿ ಮುಗಿಯುತ್ತವೆ. ಮುಂದೆಂದಾದರೂ ಕಡತ ದೊರೆತವನಿಗೆ ಅದು ಪೂರ್ಣವಾಗಿದೆಯೇ, ಇದೇ ಪ್ರಬಂಧದ್ದೇ ಎಂದು ತಿಳಿಯಲು ಈ ಎರಡು ಪುಟಗಳೇ ಆಧಾರ.

ಶಾಸನಪಾಠಗಳ ವಿಷಯದಲ್ಲಿ ಇನ್ನೊಂದು ವಿವೇಚನೆ ಬೇಕು. ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿಯೂ ಮೈಸೂರು ವಿಶ್ವವಿದ್ಯಾಲಯವು 1972ರಿಂದ ಹೊರತಂದ ಅದರ ಪರಿಷ್ಕೃತ ಸಂಪುಟಗಳಲ್ಲಿಯೂ ಅಚ್ಚಾಗಿರುವ ಪಾಠಗಳನ್ನು ಅನುಬಂಧದಲ್ಲಿ ಮರುಮುದ್ರಿಸುವುದು ವ್ಯರ್ಥ. ಉಲ್ಲೇಖ ಸಾಕು. ಆದರೆ ಎರಡು ಆವೃತ್ತಿಗಳಲ್ಲಿ ಶಾಸನಗಳ ಕ್ರಮಸಂಖ್ಯೆಗಳು ಬೇರೆ ಬೇರೆಯಾಗಿರುವುದರಿಂದ, ದೊಡ್ಡ ಕೋಷ್ಟಕದ ಪ್ರತಿಯೊಂದು ಸಾಲಿನಲ್ಲೂ ಯಾವ ಆವೃತ್ತಿಯೆಂಬುದು ನಮೂದಾಗಿರಬೇಕು. ಅದಿಲ್ಲದ ಅನುಬಂಧ ಪರಿಶೀಲಿಸುವವನನ್ನು ಬೇರೊಂದು ಶಾಸನದ ಮುಂದೆ ನಿಲ್ಲಿಸುತ್ತದೆ. ಸಂಶೋಧಕನೇ ಹೊಸದಾಗಿ ಶೋಧಿಸಿದ ಅಪ್ರಕಟಿತ ಶಾಸನಗಳಿದ್ದರೆ ನಿಯಮ ತಿರುಗುಮುರುಗಾಗುತ್ತದೆ. ಅವುಗಳ ಪಾಠ ಬೇರೆಲ್ಲಿಯೂ ದೊರೆಯದು. ಆದುದರಿಂದ ಪಡಿಯಚ್ಚಿನ ಚಿತ್ರದೊಡನೆ ಅವು ಸಮಗ್ರವಾಗಿ ಅನುಬಂಧದಲ್ಲಿ ಬರಬೇಕು. ಮುದ್ರಿತ ಪಾಠವನ್ನು ಸಂಶೋಧಕನು ತಿದ್ದಿ ಓದಿದ್ದರೆ ಆ ತಿದ್ದುಪಡಿಗಳ ಪಟ್ಟಿಯೂ ಅಲ್ಲಿರಬೇಕು. ತಿದ್ದುಪಡಿಯು ಪಕಾರವನ್ನು ಹಕಾರವಾಗಿಸಿದ್ದರೆ ಅದು ಎಣಿಕೆಯನ್ನೇ ಮುಟ್ಟುತ್ತದೆ, ಆಗ ಅಂಥವು ಎಷ್ಟೆಂಬುದು ಒಡಲಿನಲ್ಲಿ ಬರಬೇಕು.

ಒಡಲಿಗೂ ಅನುಬಂಧಕ್ಕೂ ಇರುವ ಕೊಂಡಿ

ಮುದ್ರಿತ ಪ್ರಬಂಧದಲ್ಲಿ ಒಡಲೂ ಅನುಬಂಧವೂ ಒಂದೇ ರಟ್ಟಿನೊಳಗೆ ಇರುತ್ತವೆ. ಓದುಗನು ಬೆರಳನ್ನು ಒಂದು ಪುಟದಲ್ಲಿಟ್ಟು ಇನ್ನೊಂದನ್ನು ತೆರೆಯಬಹುದು. ಇಂದು ಬಹುಪಾಲು ಓದುಗರು ಪ್ರಬಂಧವನ್ನು ಕಾಣುವುದು ಈ ರೂಪದಲ್ಲಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಸಲ್ಲಿಸಬೇಕೆಂದು ವಿಧಿಸಿತು. 2022ರ ನಿಯಮಾವಳಿಯಲ್ಲೂ ಈ ವಿಧಿ ಮುಂದುವರಿದಿದೆ. ಆ ಕೇಂದ್ರದ ಶೋಧಗಂಗಾ ಭಂಡಾರದಲ್ಲಿ ಪ್ರಬಂಧಗಳು ಸಾಮಾನ್ಯವಾಗಿ ಅಧ್ಯಾಯಕ್ಕೊಂದು ಕಡತದಂತೆ ಬಿಡಿಬಿಡಿಯಾಗಿ ಇರುತ್ತವೆ. ನಾಲ್ಕನೆಯ ಅಧ್ಯಾಯವೊಂದನ್ನೇ ಇಳಿಸಿಕೊಂಡ ಓದುಗನ ಬಳಿ ಅನುಬಂಧವಿರುವುದಿಲ್ಲ. ಒಡಲಿನಲ್ಲಿರಬೇಕಾದುದನ್ನು ಅನುಬಂಧಕ್ಕೆ ತಳ್ಳಿದ ತಪ್ಪು ಮುದ್ರಿತ ಪ್ರತಿಯಲ್ಲಿ ಓದುಗನಿಗೆ ಅನಾನುಕೂಲವನ್ನಷ್ಟೇ ಉಂಟುಮಾಡುತ್ತಿತ್ತು. ಇಲ್ಲಿ ಅದು ಆಧಾರದ ಅಭಾವವೇ ಆಗುತ್ತದೆ.

ಆದುದರಿಂದ ಒಡಲಿನ ಸೂಚನೆಗಳು ನಿಖರವಾಗಿರಬೇಕು. 'ಅನುಬಂಧ ನೋಡಿ' ಎಂಬುದಕ್ಕೆ ಬದಲು 'ಅನುಬಂಧ 2, ಕೋಷ್ಟಕ 2.1, ಸಾಲು 17' ಎಂದಿದ್ದರೆ ಹುಡುಕುವವನ ಶ್ರಮ ಉಳಿಯುತ್ತದೆ. ಅನುಬಂಧಗಳ ಕ್ರಮಸಂಖ್ಯೆಯು ಒಡಲಿನಲ್ಲಿ ಅವು ಮೊದಲು ಉಲ್ಲೇಖಗೊಂಡ ಕ್ರಮವನ್ನು ಅನುಸರಿಸಬೇಕು. ಪ್ರತಿಯೊಂದು ಅನುಬಂಧದ ಮೊದಲಲ್ಲಿ ಅದು ಯಾವ ಅಧ್ಯಾಯದ ಯಾವ ಹೇಳಿಕೆಗೆ ಸಂಬಂಧಿಸಿದ್ದೆಂದು ಎರಡು ಸಾಲುಗಳ ಟಿಪ್ಪಣಿಯಿರಬೇಕು. ಪ್ರಬಂಧದ ಹಿಂಬದಿಯ ಲಕೋಟೆಯಲ್ಲಿ ಅಡಕಮುದ್ರಿಕೆಯನ್ನು ಇಡುತ್ತಿದ್ದ ಪದ್ಧತಿ ಈಗ ನೆಚ್ಚತಕ್ಕದ್ದಲ್ಲ. ಮುದ್ರಿಕೆ ಕೆಡುತ್ತದೆ, ಅದನ್ನು ಓದುವ ಸಾಧನವೂ ಅಪರೂಪವಾಗಿದೆ. ದತ್ತಾಂಶ ಕಡತಕ್ಕೆ ವಿಶ್ವವಿದ್ಯಾಲಯದ ಭಂಡಾರವನ್ನೋ, ಸರ್ನ್ ಸಂಸ್ಥೆಯು 2013ರಿಂದ ನಡೆಸುತ್ತಿರುವ ಝೆನೋಡೊದಂಥ ಶಾಶ್ವತ ಗುರುತುಸಂಖ್ಯೆ ನೀಡುವ ಭಂಡಾರವನ್ನೋ ಆಶ್ರಯಿಸಿ, ಆ ಸಂಖ್ಯೆಯನ್ನು ಅನುಬಂಧದಲ್ಲಿ ನಮೂದಿಸುವುದು ಕ್ಷೇಮಕರ.

ವಿಂಗಡಣೆ ಸರಿಯಾಗಿದೆಯೇ ಎಂಬುದನ್ನು ಪ್ರಬಂಧ ಸಲ್ಲಿಸುವುದಕ್ಕೆ ಮುಂಚೆಯೇ ಪರೀಕ್ಷಿಸಬಹುದು. ಅನುಬಂಧಗಳನ್ನು ತೆಗೆದಿಟ್ಟು, ಅಧ್ಯಾಯಗಳನ್ನು ಮಾತ್ರ ವಿಷಯಬಲ್ಲ ಒಬ್ಬರ ಕೈಗೆ ಕೊಡಬೇಕು. ಓದುವಾಗ ಅವರು 'ಇದನ್ನು ಹೇಗೆ ನಂಬುವುದು?' ಎಂದು ನಿಂತ ಸ್ಥಳಗಳಲ್ಲೆಲ್ಲ ಅನುಬಂಧದಿಂದ ಏನನ್ನೋ ಒಡಲಿಗೆ ತರಬೇಕಾಗಿದೆ ಎಂದರ್ಥ. ಅದೇ ರೀತಿಯಲ್ಲಿ ಅಧ್ಯಾಯದ ಕೋಷ್ಟಕಗಳನ್ನು ನೋಡುತ್ತ, ಗದ್ಯದಲ್ಲಿ ಎಲ್ಲಿಯೂ ಪ್ರಸ್ತಾಪವಾಗದ ಕಲಮುಗಳನ್ನು ಗುರುತುಹಾಕಬೇಕು. ಅಂಥ ಪ್ರತಿಯೊಂದು ಕಲಮಿನ ವಿಷಯದಲ್ಲೂ ಎರಡರಲ್ಲಿ ಒಂದು ನಿಜವಾಗಿರುತ್ತದೆ: ಒಂದೋ ಅದು ಅನುಬಂಧಕ್ಕೆ ಸೇರಿದ್ದು, ಇಲ್ಲವೇ ಅದರ ಬಗ್ಗೆ ಹೇಳಬೇಕಾಗಿದ್ದ ಮಾತೊಂದನ್ನು ಸಂಶೋಧಕ ಹೇಳದೆ ಬಿಟ್ಟಿದ್ದಾನೆ. ಇಲ್ಲಿ ಎತ್ತಿಕೊಂಡ ನಿದರ್ಶನದಲ್ಲಿ ತೇದಿಯ ಕಲಮು ಈ ಎರಡನೆಯ ಬಗೆಯದು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅದರ ಮೇಲೆ ಬೆರಳಿಟ್ಟು 'ಈ 88 ಶಾಸನಗಳ ಕಾಲ ನಿಮಗೆ ಹೇಗೆ ತಿಳಿಯಿತು?' ಎಂದು ಕೇಳಿದರೆ, ಉತ್ತರವು ಅಧ್ಯಾಯದಲ್ಲಿ ಅದಾಗಲೇ ಬರೆದಿಟ್ಟದ್ದಾಗಿರಬೇಕು.